ಎತ್ತಿನ ಜೋಡಿಯ ಲೆಕ್ಕ 1900 ಬಂತು: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಚಿತ್ತಾಪುರ ತಾಲೂಕಿನ ಕಡೆ ಕಾಗಿಣಾ ದಂಡೆಗೆ ಹತ್ತಿರದ 20 ಊರುಗಳಲ್ಲಿ ಎಷ್ಟು ಜೋಡಿ ಎತ್ತುಗಳಿವೆ ಎಂದು ಅಂದಾಜು ಮಾಡಬೇಕಿತ್ತು. ಕಾಲುಬಾಯಿ ರೋಗದ ಲಸಿಕೆಗೆ ಎಷ್ಟು ಡೋಸ್ ಬೇಕು ಎಂಬುದು ಈ ಲೆಕ್ಕದ ಮೇಲೆ ನಿಂತಿತ್ತು. ಎಲ್ಲ ಊರು ಸುತ್ತಲು ಜನ ಇರಲಿಲ್ಲ. ಹಾಗಾಗಿ ನಾಲ್ಕು ಊರು ಆರಿಸಿ, ಆ ನಾಲ್ಕರಲ್ಲಿ ಮಾತ್ರ ಮನೆ ಮನೆ ಎಣಿಸಿದ್ದರು. ಹಾಳೆ ನನ್ನ ಕೈಗೆ ಬಂದಾಗ ಒಟ್ಟು 1900 ಜೋಡಿ ಎಂದಿತ್ತು. ಹಿಂದಿನ ಸಲದ ಲಸಿಕೆ ಪುಸ್ತಕದ ಪ್ರಕಾರ ಇರಬೇಕಾದ್ದು ಸುಮಾರು 1300. ಪುಸ್ತಕವೇ ಸತ್ಯ ಅಂತಲ್ಲ. ಆದರೆ ಟ್ರ್ಯಾಕ್ಟರ್ ಜಾಸ್ತಿಯಾಗುತ್ತಿರುವ ಕಾಲದಲ್ಲಿ ಎತ್ತುಗಳು ಇಷ್ಟು ಹೆಚ್ಚಾಗಿವೆ ಅಂದರೆ ಯಾರೂ ನಂಬುವುದಿಲ್ಲ.

ಇಂಥ ಹಾಳೆಯಲ್ಲಿ ತಪ್ಪು ಹುಡುಕುವುದು ಹೇಗೆ ಅಂತ ಇದೇ ಉದಾಹರಣೆಯಲ್ಲಿ ತೋರಿಸುತ್ತೇನೆ. ಊರುಗಳ ಹೆಸರು ಬಿಟ್ಟು ಅಕ್ಷರ ಇಟ್ಟಿದ್ದೇನೆ. ಕೈಯಲ್ಲೇ ಲೆಕ್ಕ ಮಾಡಿ ನೋಡಲು ಬರಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲು, ಊರು ಆರಿಸಿದ್ದು ಹೇಗೆ?

ಹಾಳೆ ತೆರೆಯುವ ಮೊದಲು ನಾನು ಕೇಳುವುದು ಆಯ್ಕೆಯ ಕಾಗದ. ಯಾವ ಪಟ್ಟಿಯಿಂದ, ಯಾವ ಲೆಕ್ಕದಲ್ಲಿ ಊರು ಎತ್ತಿದರು ಎಂಬುದು ಅದರಲ್ಲಿರುತ್ತದೆ. ಅದಿಲ್ಲದೆ ಮುಂದಿನ ಯಾವ ಪರೀಕ್ಷೆಯೂ ನಡೆಯುವುದಿಲ್ಲ.

ಇಲ್ಲಿ 20 ಊರುಗಳ ಪಟ್ಟಿಯಲ್ಲಿ ಒಟ್ಟು 6000 ಮನೆಗಳಿದ್ದವು. ಮನೆ ಜಾಸ್ತಿ ಇರುವ ಊರಿಗೆ ಆಯ್ಕೆಯಾಗುವ ಅವಕಾಶವೂ ಜಾಸ್ತಿ ಇರಲಿ ಎಂಬುದು ಯೋಜನೆ. ಅದು ಸರಿಯಾದ ಯೋಜನೆಯೇ. ದೊಡ್ಡ ಊರಿನಲ್ಲಿ ಎತ್ತು ಜಾಸ್ತಿ ಇರುವುದರಿಂದ ಒಟ್ಟು ಲೆಕ್ಕ ಅಲ್ಲೇ ಹೆಚ್ಚು ನಿಂತಿರುತ್ತದೆ.

ಅತಿ ದೊಡ್ಡ ಊರು ‘ಕ’, 1800 ಮನೆ. ಅದನ್ನು ಚೀಟಿ ಎತ್ತದೆ ಖಾಯಂ ತೆಗೆದುಕೊಂಡರು. ಉಳಿದ 19 ಊರುಗಳಲ್ಲಿ 4200 ಮನೆ. ಅದರಲ್ಲಿ ಮೂರು ಊರು ಬೇಕು. 4200ನ್ನು ಮೂರರಿಂದ ಭಾಗಿಸಿದರೆ 1400. ಮನೆಗಳನ್ನು ಊರಿನಿಂದ ಊರಿಗೆ ಕೂಡಿಸುತ್ತಾ ಹೋಗಿ, 1ರಿಂದ 1400ರೊಳಗೆ ಒಂದು ಅಂಕಿಯನ್ನು ಚೀಟಿಯಲ್ಲಿ ಎತ್ತಿ, ಅಲ್ಲಿಂದ 1400ಕ್ಕೊಂದು ಹೆಜ್ಜೆ ಹಾಕಿದರು. ಹೆಜ್ಜೆ ಬಿದ್ದ ಮನೆ ಯಾವ ಊರಿನದೋ ಆ ಊರು ಆಯ್ಕೆ. ಹಾಗಾಗಿ ಒಂದು ಊರಿನ ಆಯ್ಕೆ ಸಂಭವನೀಯತೆ ಅಂದರೆ ಅದರ ಮನೆಗಳನ್ನು 1400ರಿಂದ ಭಾಗಿಸಿದ್ದು.

‘ಖ’ ಊರಿಗೆ 700 ಮನೆ, ಅಂದರೆ 0.5. ‘ಗ’ ಊರಿಗೆ 350 ಮನೆ, 0.25. ‘ಘ’ ಊರಿಗೆ 140 ಮನೆ, 0.1. ಖಾಯಂ ಬಂದ ‘ಕ’ ಊರಿಗೆ 1.

ಒಟ್ಟು ತೆಗೆಯುವುದು ಸುಲಭ. ಪ್ರತಿ ಊರಿನಲ್ಲಿ ಎಣಿಸಿದ ಜೋಡಿಗಳನ್ನು ಅದರ ಸಂಭವನೀಯತೆಯಿಂದ ಭಾಗಿಸಿ, ಎಲ್ಲ ಕೂಡಿಸಬೇಕು. 1952ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಹಾರ್ವಿಟ್ಸ್ ಮತ್ತು ಥಾಂಪ್ಸನ್ ಇದನ್ನು ಸಾಮಾನ್ಯ ರೂಪದಲ್ಲಿ ಕೊಟ್ಟರು. ಒಳಗಿನ ತರ್ಕ ಹೀಗಿದೆ. ‘ಘ’ ಊರು ಹತ್ತು ಸಲ ಚೀಟಿ ಎತ್ತಿದರೆ ಸರಾಸರಿ ಒಂದು ಸಲ ಬರುತ್ತದೆ. ಬಂದಾಗ, ಬಾರದ ಒಂಬತ್ತು ಸಲದ ಪಾಲನ್ನೂ ಅದೇ ಹೊರಬೇಕು. ಅದಕ್ಕೇ ಅದರ ತೂಕ 10. ‘ಖ’ ಊರಿನ ತೂಕ 2, ‘ಗ’ ಊರಿನದು 4, ‘ಕ’ ಊರಿನದು 1.

ತೂಕ ಹಾಕದೆ ಸುಮ್ನೆ ನಾಲ್ಕೂ ಊರಿನ ಸರಾಸರಿ ತೆಗೆದು 20ರಿಂದ ಗುಣಿಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ನಾವೇ ದೊಡ್ಡ ಊರುಗಳ ಕಡೆ ವಾಲಿಸಿ ಆರಿಸಿದ್ದೇವಲ್ವಾ, ಎಲ್ಲ ಊರೂ ಅಷ್ಟೇ ದೊಡ್ಡದು ಅಂದುಕೊಂಡ ಹಾಗಾಗುತ್ತದೆ.

ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ

ಎತ್ತುಗಳ ಒಟ್ಟು ಸರಿಯೋ ತಪ್ಪೋ ನಮಗೆ ಗೊತ್ತಿಲ್ಲ. ಆದರೆ ಮನೆಗಳ ಒಟ್ಟು ಗೊತ್ತು, 6000. ಅದೇ ತೂಕಗಳಿಂದ ಎತ್ತಿನ ಬದಲು ಮನೆಗಳನ್ನು ಅಂದಾಜು ಮಾಡಿ ನೋಡಬೇಕು. ಇಲ್ಲಿ ಸಂಭವನೀಯತೆ ಮನೆಗಳ ಲೆಕ್ಕದಲ್ಲೇ ಹುಟ್ಟಿದ್ದರಿಂದ ಉತ್ತರ ಸುಮಾರು 6000 ಅಲ್ಲ, ಸರಿಯಾಗಿ 6000 ಬರಬೇಕು. ಯಾವ ಚೀಟಿ ಬಂದಿದ್ದರೂ ಅಷ್ಟೇ ಬರಬೇಕು. ಒಂದು ಮನೆ ಆಚೆ ಈಚೆ ಆದರೂ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಸ್ಪ್ರೆಡ್‌ಶೀಟ್‌ನಲ್ಲಿ B ಕಾಲಂನಲ್ಲಿ ಪಟ್ಟಿಯ ಮನೆಗಳು, C ಕಾಲಂನಲ್ಲಿ ಸಂಭವನೀಯತೆ, D ಕಾಲಂನಲ್ಲಿ ಎಣಿಸಿದ ಜೋಡಿ ಇದ್ದರೆ:

```
=SUMPRODUCT(B2:B5/C2:C5)
=SUMPRODUCT(D2:D5/C2:C5)
```

ಮೊದಲನೆಯದು ಪರೀಕ್ಷೆ, ಎರಡನೆಯದು ಉತ್ತರ. ನನ್ನ ಕೈಗೆ ಬಂದ ಹಾಳೆಯಲ್ಲಿ ಮೊದಲನೆಯದು 7600 ತೋರಿಸಿತು.

ಮೊತ್ತ ತಪ್ಪಿದೆ ಅಂತ ಗೊತ್ತಾದ ಮೇಲೆ ಸಾಲು ಸಾಲಾಗಿ ನೋಡಬೇಕು. ‘ಕ’ ಊರಿನ ಸಾಲು 1800 ಕೊಡಬೇಕು. ಉಳಿದ ಮೂರೂ ತಲಾ 1400 ಕೊಡಬೇಕು, ಯಾಕೆಂದರೆ ಹೆಜ್ಜೆಯ ಅಳತೆಯೇ 1400. ‘ಖ’: 700ನ್ನು 2ರಿಂದ ಗುಣಿಸಿದರೆ 1400, ಸರಿ. ‘ಗ’: 350ನ್ನು 4ರಿಂದ ಗುಣಿಸಿದರೆ 1400, ಸರಿ. ಕೊನೆಯ ಸಾಲು 3000. ಅಲ್ಲಿ ತೂಕ 10 ಇದೆ, ಮನೆ ಮಾತ್ರ 300 ಎಂದಿದೆ. 300 ಮನೆಯ ಊರಿಗೆ ತೂಕ 10 ಹೇಗೆ ಬಂತು?

ಎಣಿಸಲು ಹೋಗಿದ್ದ ಹುಡುಗನಿಗೆ ಫೋನ್ ಮಾಡಿದೆ.

“ಅಣ್ಣಾರ, ಆ ಊರಿಗಿ ಹೋಗ್ಲಿಕ್ಕೇ ಆಗ್ಲಿಲ್ರಿ. ಹಳ್ಳ ಬಂದಿತ್ತು. ಎರಿ ಮಣ್ಣ ಗಾಲಿಗಿ ಸುತ್ಕೊಂಡು ಗಾಡಿ ಮುಂದ ಸರೀಲೇ ಇಲ್ರಿ. ಅದ್ಕ ರೋಡ್ ಮ್ಯಾಲಿನ ಊರು ಎಣಿಸ್ಕೊಂಡು ಬಂದೀನ್ರಿ.”

ಎರೆ ಮಣ್ಣಿನ ದಾರಿಯಲ್ಲಿ ಮಳೆ ದಿನ ಬೈಕ್ ಓಡಿಸಿದವರಿಗೆ ಇದು ಹೊಸದಲ್ಲ. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ಇಲ್ಲ. ಹುಡುಗನದು ತಪ್ಪು ಅಂತ ನಾನು ಹೇಳಲಾರೆ. ಬದಲಿ ಊರಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಹಾಳೆಯಲ್ಲಿ ತೂಕ ಮೊದಲೇ ತುಂಬಿತ್ತು. ಅವನು ‘ಘ’ ಊರಿನ ಹೆಸರು ಅಳಿಸಿ ‘ಚ’ ಎಂದು ಬರೆದ, ಮನೆ 300, ಜೋಡಿ 96 ಎಂದು ಹಾಕಿದ. ತೂಕ ಮಾತ್ರ ‘ಘ’ ಊರಿನದೇ ಉಳಿಯಿತು. 96ನ್ನು 10ರಿಂದ ಗುಣಿಸಿದರೆ 960. ಒಟ್ಟು 1900ರಲ್ಲಿ ಅರ್ಧಕ್ಕೂ ಹೆಚ್ಚು ಈ ಒಂದೇ ಸಾಲಿನಿಂದ ಬಂದಿತ್ತು.

ಬದಲಿ ಊರಿಗೆ ಅದರದ್ದೇ ತೂಕ ಹಾಕಿದರೆ ಸರಿಹೋಗುತ್ತಾ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ‘ಚ’ ಊರಿನ ಮನೆ 300, 1400ನ್ನು 300ರಿಂದ ಭಾಗಿಸಿದರೆ ತೂಕ 4.67. ಆಗ ಅದರ ಪಾಲು 448, ಒಟ್ಟು 1388. ಮನೆಗಳ ಪರೀಕ್ಷೆಯೂ 6000 ಕೊಡುತ್ತದೆ. ಮೇಲ್ನೋಟಕ್ಕೆ ಎಲ್ಲ ಸರಿ.

ಆದರೂ ಇದು ಸರಿಯಲ್ಲ. ‘ಚ’ ಊರಿಗೆ ಹೆಜ್ಜೆ ಬಿದ್ದಿರಲಿಲ್ಲ. ರಸ್ತೆ ಚೆನ್ನಾಗಿದೆ ಅಂತ ಅದು ಒಳಗೆ ಬಂತು. ಅದರ ನಿಜವಾದ ಸಂಭವನೀಯತೆ ಏನು? ತನ್ನ ಪಾಲಿನ ಚೀಟಿಯಲ್ಲಿ ಬರುವ ಅವಕಾಶದ ಜೊತೆಗೆ, ಪಕ್ಕದ ಊರಿಗೆ ದಾರಿ ಕಟ್ಟಾದಾಗ ಬರುವ ಅವಕಾಶವೂ ಸೇರಬೇಕು. ಎರಡನೆಯದನ್ನು ಯಾರೂ ಅಳೆದಿಲ್ಲ, ಅಳೆಯಲೂ ಬರುವುದಿಲ್ಲ. ಗೊತ್ತಿಲ್ಲದ ಅಂಕಿಯಿಂದ ಭಾಗಿಸುವುದು ಹೇಗೆ? ಇನ್ನೊಂದು ಅಪಾಯವೂ ಇದೆ. ರಸ್ತೆ ಬದಿಯ ಊರಲ್ಲಿ ಟ್ರ್ಯಾಕ್ಟರ್ ಬೇಗ ಬರುತ್ತದೆ, ಒಳಗಿನ ಊರಲ್ಲಿ ಎತ್ತು ಉಳಿದಿರುತ್ತದೆ. ಪ್ರತಿ ಸಲ ಒಳಗಿನ ಊರು ಬಿಟ್ಟು ರಸ್ತೆ ಊರು ಎಣಿಸಿದರೆ ಲೆಕ್ಕ ಒಂದೇ ಕಡೆಗೆ ವಾಲುತ್ತಾ ಹೋಗುತ್ತದೆ.

ಪರಿಹಾರ ಒಂದೇ, ಮಳೆ ನಿಂತ ಮೇಲೆ ‘ಘ’ ಊರಿಗೇ ಹೋಗುವುದು. ಹುಡುಗ ಹೋದ. ಈ ಸಲ ಬೈಕ್ ಹಳ್ಳದ ಈಚೆ ಬಿಟ್ಟು ನಡೆದುಕೊಂಡೇ ಹೋದ. ಹೋಗಲು ಆಗದೇ ಇದ್ದಿದ್ದರೆ ಆ ಊರನ್ನು “ಎಣಿಸಲಾಗಿಲ್ಲ” ಎಂದೇ ಬರೆದು, ಉಳಿದ ಊರುಗಳ ತೂಕ ಏರಿಸಿ, ಅದು ಊಹೆ ಎಂದು ವರದಿಯಲ್ಲಿ ಹೇಳಬೇಕಾಗುತ್ತಿತ್ತು.

‘ಘ’ ಊರಿನಲ್ಲಿ ಸಿಕ್ಕಿದ್ದು 40 ಜೋಡಿ. ‘ಕ’ ಊರಿನ 260, ‘ಖ’ ಊರಿನ 160, ‘ಗ’ ಊರಿನ 90 ಮೊದಲಿನಂತೆಯೇ. ತೂಕ ಹಾಕಿದರೆ 260, 320, 360, 400. ಒಟ್ಟು 1340. ಪುಸ್ತಕದ 1300ರ ಪಕ್ಕಕ್ಕೇ ಬಂತು.

ಇಲ್ಲಿಗೇ ನಿಲ್ಲಿಸಬೇಕು ಅನ್ನಿಸುತ್ತದೆ. ನಿಲ್ಲಿಸಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಮನೆಗಳ ಪರೀಕ್ಷೆಗೆ ಸಿಗದ ಒಂದು ತಪ್ಪಿನ ಬಗ್ಗೆ ಹೇಳಬೇಕು.

ಪರೀಕ್ಷೆ ಪಾಸಾದರೂ ತಪ್ಪಿರಬಹುದು

ಇದೇ ಕೆಲಸದ ಇನ್ನೊಂದು ಕರಡು ಹಾಳೆಯಲ್ಲಿ ‘ಕ’ ಊರನ್ನು ಖಾಯಂ ಎಂದು ಬೇರೆ ಮಾಡಿರಲಿಲ್ಲ. 6000 ಮನೆ, ನಾಲ್ಕು ಊರು, ಹೆಜ್ಜೆ 1500 ಎಂದು ಹಿಡಿದು ಎಲ್ಲಕ್ಕೂ ಒಂದೇ ಸೂತ್ರ ಎಳೆದಿದ್ದರು. ಆಗ ‘ಕ’ ಊರಿನ ಸಂಭವನೀಯತೆ 1800 ಭಾಗ 1500, ಅಂದರೆ 1.2. ಸಂಭವನೀಯತೆ 1ಕ್ಕಿಂತ ಹೆಚ್ಚಿರಲು ಸಾಧ್ಯವೇ ಇಲ್ಲ. ಆದರೆ ಮನೆಗಳ ಪರೀಕ್ಷೆಗೆ ಅದು ಕಾಣುವುದಿಲ್ಲ. ನಾಲ್ಕೂ ಸಾಲು ತಲಾ 1500 ಕೊಡುತ್ತವೆ, ಕೂಡಿಸಿದರೆ ಚೆಂದಾಗಿ 6000.

ಇದನ್ನು ಹಿಡಿಯಲು ತೂಕದ ಕಾಲಂ ಮೇಲೆ ಕಣ್ಣಾಡಿಸಿದರೆ ಸಾಕು. ಅಲ್ಲಿ 0.83 ಎಂದಿರುತ್ತದೆ. 1ಕ್ಕಿಂತ ಕಡಿಮೆ ತೂಕ ಅಂದರೆ, ನಾವು ಕಣ್ಣಾರೆ ಎಣಿಸಿದ 260 ಜೋಡಿಯನ್ನು 217 ಎಂದು ಇಳಿಸಿ ಬರೆದ ಹಾಗೆ. ಎಣಿಸಿದ ಊರು ಕೊನೆಗೆ ತನ್ನ ಲೆಕ್ಕವನ್ನಾದರೂ ಪೂರ್ತಿ ಹೊರಬೇಕು. ಹೀಗಿದ್ದರೆ ದೊಡ್ಡ ಊರನ್ನು ಖಾಯಂ ಮಾಡಿ, ಉಳಿದವಕ್ಕೆ ಹೆಜ್ಜೆ ಮತ್ತೆ ಲೆಕ್ಕ ಹಾಕಬೇಕು. ಹೊಸ ಹೆಜ್ಜೆಗೆ ಇನ್ನೊಂದು ಊರು 1 ದಾಟಿದರೆ ಅದನ್ನೂ ಖಾಯಂ ಮಾಡಿ ಮತ್ತೊಮ್ಮೆ. ನಮ್ಮಲ್ಲಿ ಖಾಯಂ ಊರು ಬಿಟ್ಟರೆ ದೊಡ್ಡದು 700 ಮನೆಯದು, ಹಾಗಾಗಿ ಒಂದೇ ಸುತ್ತಿಗೆ ಮುಗಿಯಿತು.

ಉತ್ತರ ಪೂರ್ತಿ ಎರಡು ಪಟ್ಟು, ಮೂರು ಪಟ್ಟು ಬಂದರೆ ಕಾರಣ ಇನ್ನೂ ಸರಳ. ಮನೆಗಳನ್ನು ಹೆಜ್ಜೆಯಿಂದ ಭಾಗಿಸುವ ಬದಲು ಒಟ್ಟು ಮನೆಗಳಿಂದ ಭಾಗಿಸಿರುತ್ತಾರೆ. ಅದು ಒಂದು ಚೀಟಿಯ ಅವಕಾಶ. ಮೂರು ಚೀಟಿಯಲ್ಲಿ ಬರುವ ಅವಕಾಶ ಅದರ ಮೂರು ಪಟ್ಟು. ಇದನ್ನು ಮನೆಗಳ ಪರೀಕ್ಷೆ ತಕ್ಷಣ ಹಿಡಿಯುತ್ತದೆ.

ಇನ್ನೊಂದು ಪ್ರಶ್ನೆ ನನಗೆ ಪ್ರತಿ ಸಲ ಬರುತ್ತದೆ. ತೂಕಗಳನ್ನೇ ಕೂಡಿಸಿದರೆ 1, 2, 4, 10 ಸೇರಿ 17. ಊರು 20 ಇವೆ, ಇದು ತಪ್ಪಲ್ವಾ? ತಪ್ಪಲ್ಲ. ಈ ವಿಧಾನದಲ್ಲಿ ಮನೆಗಳ ಮೊತ್ತ ಮಾತ್ರ ಗಟ್ಟಿ. ತೂಕಗಳ ಮೊತ್ತ ಚೀಟಿಗೆ ತಕ್ಕಂತೆ 20ರ ಆಚೆ ಈಚೆ ಓಡಾಡುತ್ತದೆ. 17ನ್ನು 20 ಮಾಡಲು ತೂಕ ತಿದ್ದಬೇಡಿ.

ತಾಂಡಾ

ಹುಡುಗ ‘ಘ’ ಊರಿನಿಂದ ಬಂದು ಒಂದು ಮಾತು ಹೇಳಿದ. ಊರು ದಾಟಿ ಅರ್ಧ ಕಿಲೋಮೀಟರ್ ಆಚೆ ಒಂದು ಲಂಬಾಣಿ ತಾಂಡಾ ಇದೆ, 70 ಮನೆ. ಅದು ಅದೇ ಊರಿನ ಸೀಮೆಯೊಳಗೇ ಇದೆ. ಆದರೆ ಪಟ್ಟಿಯ 140 ಮನೆ ಬರೀ ಊರಿನದು. ತಾಂಡಾ ಎಣಿಸಬೇಕಾ ಬೇಡವಾ ಅಂತ ಅವನು ಕೇಳಿದ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಅವನ ಮೇಲೆ ಅಭಿಮಾನ ಹುಟ್ಟಿತು.

ಮೊದಲು ನೋಡಬೇಕಾದ್ದು, ಆ ತಾಂಡಾ ಪಟ್ಟಿಯಲ್ಲಿ ಬೇರೆ ಊರಾಗಿ ಇದೆಯಾ ಎಂಬುದು. ನಮ್ಮ ಕಡೆ ಇದನ್ನು ಮರೆಯುವ ಹಾಗೇ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಷ್ಟೋ ತಾಂಡಾಗಳು ಈಚೆಗೆ ಕಂದಾಯ ಗ್ರಾಮಗಳಾಗಿವೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ್ದೂ ಅದಕ್ಕೇ. ಹೊಸ ಪಟ್ಟಿಯಲ್ಲಿ ತಾಂಡಾ ಬೇರೆ ಇದ್ದು, ನಾವು ಅದನ್ನು ಹಳೇ ಊರಿನ ಜೊತೆಗೂ ಎಣಿಸಿದರೆ ಅದಕ್ಕೆ ಎರಡು ದಾರಿಯಿಂದ ಒಳಗೆ ಬರುವ ಅವಕಾಶ ಸಿಗುತ್ತದೆ, ಲೆಕ್ಕ ಎರಡು ಸಲ ಆಗುತ್ತದೆ. ಯಾವ ಪಟ್ಟಿಯಲ್ಲೂ, ಯಾವ ಊರಿನ ಸೀಮೆಯಲ್ಲೂ ಇಲ್ಲದಿದ್ದರೆ ಅದರ ಸಂಭವನೀಯತೆ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಆಗ ಯಾವ ತೂಕವೂ ಅದನ್ನು ಲೆಕ್ಕಕ್ಕೆ ತರಲಾರದು, ಪಟ್ಟಿಯನ್ನೇ ತಿದ್ದಬೇಕು.

ನಮ್ಮ ಪಟ್ಟಿಯಲ್ಲಿ ಈ ತಾಂಡಾ ಬೇರೆ ಇರಲಿಲ್ಲ. ‘ಘ’ ಊರು ಬಂದರೆ ಇದೂ ಬರುತ್ತದೆ, ಊರು ಬಾರದಿದ್ದರೆ ಇದೂ ಇಲ್ಲ. ಹಾಗಾಗಿ ಎಣಿಸಲೇಬೇಕು. ಎಣಿಸಿದಾಗ 22 ಜೋಡಿ. ಊರಿನ 40 ಸೇರಿ 62.

ಈಗ ತೂಕ ಎಷ್ಟು? ಆಫೀಸಿನಲ್ಲಿ ಇಬ್ಬರು ಒಟ್ಟಿಗೇ ಹೇಳಿದರು, ಮನೆ 210 ಆಯ್ತಲ್ಲ, 210 ಭಾಗ 1400 ಅಂದರೆ 0.15, ತೂಕ 6.67 ಮಾಡೋಣ ಅಂತ. ಇದು ಬೇಡ. ಚೀಟಿ ಎತ್ತಿದ ದಿನ ಆ ಊರಿಗೆ 140 ಮನೆಯಷ್ಟೇ ಜಾಗ ಇತ್ತು. ಹೆಜ್ಜೆ ಅದರ ಮೇಲೆ ಬೀಳುವ ಅವಕಾಶ 0.1 ಮಾತ್ರ ಇತ್ತು. ಆಮೇಲೆ ಅಲ್ಲಿ ಏನು ಕಂಡರೂ ಆ ದಿನದ ಅವಕಾಶ ಬದಲಾಗುವುದಿಲ್ಲ. ಪಟ್ಟಿಯ ಮನೆ ಲೆಕ್ಕ ತಪ್ಪಾಗಿದ್ದರೂ ತೂಕ ತಪ್ಪಲ್ಲ. ತೂಕ 10, ಜೋಡಿ 62, ಪಾಲು 620. ಒಟ್ಟು 1560.

1340 ಪುಸ್ತಕಕ್ಕೆ ಹತ್ತಿರ ಇತ್ತು, 1560 ದೂರ ಹೋಯಿತು. ಆದರೂ ಕಳಿಸಬೇಕಾದ್ದು 1560. ಹತ್ತಿರ ಬಂದ ಅಂಕಿಯಲ್ಲಿ ಒಂದು ಇಡೀ ತಾಂಡಾದ ಎತ್ತುಗಳು ಬಿಟ್ಟುಹೋಗಿದ್ದವು.

ದೂರ ಎಷ್ಟು ಎಂಬುದನ್ನೂ ಅಳೆಯಬಹುದು. ಚೀಟಿಯಲ್ಲಿ ಬಂದ ಒಂದೊಂದು ಊರೂ, ತಾನೊಬ್ಬನೇ ಆಗಿದ್ದರೆ 19 ಊರುಗಳ ಒಟ್ಟು ಎಷ್ಟು ಎನ್ನುತ್ತಿತ್ತು ಎಂದು ಕೇಳಿ. ಪ್ರತಿ ಊರಿನ ಪಾಲನ್ನು 3ರಿಂದ ಗುಣಿಸಿದರೆ ಆಯಿತು. ತಾಂಡಾ ಬಿಟ್ಟಾಗ ಮೂರು ಊರುಗಳು 960, 1080, 1200 ಎನ್ನುತ್ತಿದ್ದವು. ಬೇರೆ ಚೀಟಿ ಬಂದಿದ್ದರೆ ಒಟ್ಟು ಸುಮಾರು ಎಷ್ಟು ಅಲುಗಾಡುತ್ತಿತ್ತು ಎಂಬುದರ ಅಳತೆ ಪ್ರಮಾಣ ದೋಷ, ಅದು ಇಲ್ಲಿ ಸುಮಾರು 69. ತಾಂಡಾ ಸೇರಿದ ಮೇಲೆ 960, 1080, 1860. ಪ್ರಮಾಣ ದೋಷ ಸುಮಾರು 282. ಇದು ಊರುಗಳನ್ನು ವಾಪಸ್ ಹಾಕಿ ಎತ್ತಿದಂತೆ ಭಾವಿಸಿದ ಲೆಕ್ಕ. ಹೆಜ್ಜೆ ಹಾಕಿ ಎತ್ತಿದಾಗ ಕೆಲವು ಊರು ಜೋಡಿಗಳು ಒಟ್ಟಿಗೆ ಬರಲು ಸಾಧ್ಯವೇ ಇರುವುದಿಲ್ಲ. ಅದರಿಂದ ಪೂರ್ತಿ ಕರಾರುವಾಕ್ಕಾದ ಸೂತ್ರ ಇಲ್ಲಿ ನಡೆಯುವುದಿಲ್ಲ. ‘ಕ’ ಊರು ಖಾಯಂ ಬಂದಿದ್ದರಿಂದ ಈ ದೋಷಕ್ಕೆ ಅದರ ಪಾಲು ಏನೂ ಇಲ್ಲ.

282ರ ಅಲುಗಾಟದ ಎದುರು 1560 ಮತ್ತು 1300ರ ನಡುವಿನ 260 ದೊಡ್ಡ ಜಗಳವೇನಲ್ಲ. ಮೂರೇ ಊರು ಚೀಟಿಯಲ್ಲಿ ಎತ್ತಿದರೆ ಇಷ್ಟು ಅಲುಗಾಟ ಇದ್ದೇ ಇರುತ್ತದೆ.

“ಹಾಗಾದ್ರೆ 17ರಿಂದ ಭಾಗಿಸಿ 20ರಿಂದ ಗುಣಿಸೋಣ”

ಅಲುಗಾಟ ಕಂಡಾಗ ಬರುವ ಸಲಹೆ ಇದು. ಸಂಖ್ಯಾಶಾಸ್ತ್ರಜ್ಞ ಹಾಯೆಕ್ ಅವರ ಹೆಸರಿನ ಅಂದಾಜು ಹೀಗೇ ಮಾಡುತ್ತದೆ. ಅದು ಒಳ್ಳೆಯ ಅಂದಾಜೇ, ಆದರೆ ಎಲ್ಲ ಕಡೆಗೂ ಅಲ್ಲ.

ಪ್ರತಿ ಊರಿಗೂ ಒಂದೊಂದು ಹನುಮಂತ ದೇವರ ಗುಡಿ ಇದೆ ಅಂದುಕೊಳ್ಳಿ. ಗುಡಿಗಳ ಒಟ್ಟು ಕೇಳಿದರೆ ನಮ್ಮ ತೂಕಗಳು 17 ಎನ್ನುತ್ತವೆ. ನಿಜ 20. ಇಲ್ಲಿ ಹಾಯೆಕ್ ದಾರಿ ಸರಿಯಾಗಿ 20 ಕೊಡುತ್ತದೆ, ಯಾಕೆಂದರೆ ಗುಡಿಯ ಲೆಕ್ಕಕ್ಕೂ ಊರಿನ ಗಾತ್ರಕ್ಕೂ ಸಂಬಂಧ ಇಲ್ಲ. ಎತ್ತು ಹಾಗಲ್ಲ, ಮನೆ ಹೆಚ್ಚಿದಂತೆ ಎತ್ತೂ ಹೆಚ್ಚುತ್ತದೆ. ಇಲ್ಲಿ ಅದೇ ದಾರಿ ಹಿಡಿದರೆ 1560 ಹೋಗಿ 1835 ಆಗುತ್ತದೆ. ಮನೆಗಳ ಮೇಲೆ ಪರೀಕ್ಷಿಸಿದರೆ ಮೋಸ ಕಾಣುತ್ತದೆ: 6000 ಇರಬೇಕಾದದ್ದು ಸುಮಾರು 7059 ಆಗುತ್ತದೆ.

ಗಾತ್ರಕ್ಕೂ ಸಂಭವನೀಯತೆಗೂ ಸಂಬಂಧ ಕಡಿದರೆ ಏನಾಗುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ದೇಬಬ್ರತ ಬಸು 1971ರಲ್ಲಿ ಒಂದು ಕಥೆಯಲ್ಲಿ ತೋರಿಸಿದರು: ಸರ್ಕಸ್ಸಿನ 50 ಆನೆಗಳಲ್ಲಿ ಚೀಟಿಯಲ್ಲಿ ಬಂದ ಒಂದನ್ನು ಮಾತ್ರ ತೂಗಿ ಎಲ್ಲದರ ಒಟ್ಟು ತೂಕ ಅಂದಾಜು ಮಾಡಬೇಕು. ಮಧ್ಯಮ ಗಾತ್ರದ ಸಾಂಬೊ ಎಂಬ ಆನೆಗೆ ನೂರರಲ್ಲಿ 99 ಅವಕಾಶ, ಉಳಿದ ಒಂದೊಂದಕ್ಕೂ 4900ರಲ್ಲಿ ಒಂದು. ಸಾಂಬೊ ಬಂದರೆ 50 ಆನೆಗಳ ಒಟ್ಟು ತೂಕ ಒಂದೇ ಆನೆಯ ತೂಕಕ್ಕಿಂತ ಚೂರು ಜಾಸ್ತಿ ಅಷ್ಟೇ. ಅತಿ ದೊಡ್ಡ ಆನೆ ಬಂದರೆ ಅದರ ತೂಕವನ್ನು 4900ರಿಂದ ಗುಣಿಸಬೇಕು. ಸೂತ್ರ ತಪ್ಪಿಲ್ಲ, ಅವಕಾಶ ಹಂಚಿದ ರೀತಿ ಆನೆಯ ತೂಕಕ್ಕೆ ಹೊಂದಿಲ್ಲ. ನಮ್ಮ ‘ಘ’ ಊರಿನಲ್ಲಿ ಅದೇ ಸಣ್ಣ ಪ್ರಮಾಣದಲ್ಲಿ ಆಗಿದೆ. 210 ಮನೆಯ ಊರಿಗೆ 140 ಮನೆಯ ಅವಕಾಶ ಕೊಟ್ಟಿದ್ದೆವು.

ಹಾಗಾಗಿ ಈ ಸಲದ ವರದಿಯಲ್ಲಿ 1560 ಎಂದು ಬರೆದು, ಪಕ್ಕದಲ್ಲೇ ಪ್ರಮಾಣ ದೋಷ 282 ಎಂದು ಹಾಕಿ, ತಾಂಡಾದ ವಿಷಯ ಒಂದು ಸಾಲು ಸೇರಿಸಿದೆವು. ಡೋಸ್ ತರಿಸುವವರು ಅದನ್ನು ನೋಡಿ ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡರು. ಮುಂದಿನ ಸುತ್ತಿಗೆ ಚೀಟಿ ಎತ್ತುವ ಮೊದಲೇ 20 ಊರುಗಳ ಪಟ್ಟಿಯನ್ನು ಹಿಡಿದು ಒಬ್ಬೊಬ್ಬರೇ ಫೋನ್ ಮಾಡಿ ತಾಂಡಾ, ಹೊಸ ಬಡಾವಣೆ, ಹೊಲದ ಮನೆ ಕೇಳಿಕೊಳ್ಳುತ್ತಿದ್ದೇವೆ. ಉಳಿದ ಊರುಗಳ ಮನೆ ಲೆಕ್ಕ ಬದಲಾಗದಿದ್ದರೆ ಚೀಟಿಯ ಒಟ್ಟು 4270 ಆಗುತ್ತದೆ, ಹೆಜ್ಜೆ 1423. ‘ಘ’ ಊರು ಮತ್ತೆ ಬಂದರೆ ಅದರ ತೂಕ 10 ಅಲ್ಲ, ಸುಮಾರು 6.8. ಅದೇ 62 ಜೋಡಿ ಆಗ 620ರ ಬದಲು 420ರ ಹತ್ತಿರ ನಿಲ್ಲುತ್ತದೆ.